ಸ್ಮಾರ್ಟ್‌ವಾಚ್ ಕಳೆದುಹೋಯಿತೇ? ಮ್ಯಾಪ್‌ನ ಚುಕ್ಕೆ ನೋಡಿ ಪಕ್ಕದ ಅಂಗಡಿಯವರನ್ನು ಸಂಶಯಿಸುವ ಮೊದಲು ಇದನ್ನು ಓದಿ

ಕಡಿಯಾಳಿ: ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಬಿದ್ದುಹೋದರೆ ಮೊಬೈಲಿನಲ್ಲಿ ಹುಡುಕಬಹುದು ಎಂಬುದು ಈಗ ಹೆಚ್ಚಿನವರಿಗೆ ಗೊತ್ತಿದೆ. ಆದರೆ ಮೊಬೈಲ್ ತೋರಿಸುವ ಆ ಚುಕ್ಕೆಯ ಅರ್ಥ ಎಂತ ಎಂಬುದು ಗೊತ್ತಿರುವವರು ಕಡಿಮೆ. "ಇಲ್ಲೇ ತೋರಿಸ್ತಾ ಉಂಟು, ನಿಮ್ಮ ಅಂಗಡಿಯಲ್ಲೇ ಇರ್ಬೇಕು" ಎಂದು ಜಗಳಕ್ಕೆ ಬರುವವರಿದ್ದಾರೆ. ಚುಕ್ಕೆ ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳುವುದು ನಾವು ಅಂದುಕೊಂಡದ್ದನ್ನಲ್ಲ.

ವಾಚ್ ಹುಡುಕಲು ಇರುವ ಸಾಧನ ಮೂರು. ವಾಚ್ ಕೊನೆಯ ಬಾರಿ ಕಂಡ ಜಾಗ, ವಾಚ್‌ನಿಂದ ಶಬ್ದ ಬರಿಸುವ ರಿಂಗ್, ಮತ್ತು ವಾಚನ್ನು ಬೀಗ ಹಾಕಿ ಅದರ ಮೇಲೆ ನಿಮ್ಮ ಫೋನ್ ನಂಬರ್ ತೋರಿಸುವ ಲಾಸ್ಟ್ ಮೋಡ್. ಮೂರೂ ಒಂದೊಂದು ಕೆಲಸಕ್ಕೆ ಸರಿ, ಇನ್ನೊಂದಕ್ಕೆ ಅಲ್ಲ. ಉಡುಪಿ–ಮಣಿಪಾಲ ರಸ್ತೆಯಲ್ಲಿ ದಿನಾ ಆಗಬಹುದಾದ ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ಒಂದು ಸಂಜೆಯ ಲೆಕ್ಕ

ಮಣಿಪಾಲದಲ್ಲಿ ಕೆಲಸ ಮಾಡುವ ಕಡಿಯಾಳಿಯ ಮಹಿಳೆಯೊಬ್ಬರು ಎಂದು ಇಟ್ಟುಕೊಳ್ಳಿ. ಅವರ ಕೈಯಲ್ಲಿ ಆ್ಯಪಲ್ ವಾಚ್, ಬ್ಯಾಗಿನಲ್ಲಿ ಐಫೋನ್. ವಾಚ್‌ನಲ್ಲಿ ಜಿಪಿಎಸ್ ಉಂಟು, ಆದರೆ ಸಿಮ್ ಇಲ್ಲ. ಸಂಜೆ ಟೈಗರ್ ಸರ್ಕಲ್‌ನಲ್ಲಿ ಸಿಟಿ ಬಸ್ ಹತ್ತಿದರು. ರಶ್ಶಿನಲ್ಲಿ ಬ್ಯಾಗಿನ ಪಟ್ಟಿ ಸಿಕ್ಕಿ ವಾಚ್‌ನ ಬೆಲ್ಟ್ ಕಳಚಿಕೊಂಡಿತು, ಅವರಿಗೆ ಗೊತ್ತಾಗಲಿಲ್ಲ. 5:50ಕ್ಕೆ ಕಡಿಯಾಳಿಯಲ್ಲಿ ಇಳಿದು ಮನೆಗೆ ಹೋದರು. ಕೈಕಾಲು ತೊಳೆಯುವಾಗ, 6:10ಕ್ಕೆ, ಕೈ ಖಾಲಿ ಇರುವುದು ಕಂಡಿತು.

ಐಫೋನ್‌ನಲ್ಲಿ Find My ತೆರೆದು, ಕೆಳಗೆ Devices ಒತ್ತಿ, ವಾಚ್‌ನ ಹೆಸರು ಮುಟ್ಟಿದರು. ಚುಕ್ಕೆ ಕಡಿಯಾಳಿ ಬಸ್ ಸ್ಟಾಪಿನ ಹತ್ತಿರ, ಸಾಲಾಗಿರುವ ಅಂಗಡಿಗಳ ಮೇಲೆ ಕೂತಿತ್ತು.

ಇಲ್ಲೇ ತಪ್ಪು ಶುರುವಾಗುವುದು. ಅವರ ಜಾಗದಲ್ಲಿ ಯಾರೇ ಇದ್ದರೂ ಸ್ಟಾಪಿಗೆ ಓಡಿ, ಅಲ್ಲಿನ ಬೇಕರಿಯವರನ್ನೋ ಝೆರಾಕ್ಸ್ ಅಂಗಡಿಯವರನ್ನೋ ಕೇಳುತ್ತಾರೆ. ಇಲ್ಲ ಎಂದರೆ ಸಂಶಯ ಬರುತ್ತದೆ. ಆದರೆ ವಾಚ್ ಆಗ ಅಲ್ಲಿರಲೇ ಇಲ್ಲ. ಅದು ಬಸ್ಸಿನ ಸೀಟಿನ ಸಂದಿಯಲ್ಲಿ ಕಲ್ಸಂಕ ದಾಟಿ ಹೋಗಿತ್ತು.

ಚುಕ್ಕೆ ಯಾರದ್ದು, ಎಷ್ಟು ಹೊತ್ತಿನದ್ದು?

ಸಿಮ್ ಇಲ್ಲದ ವಾಚ್‌ಗೆ ತಾನೇ ಇಂಟರ್ನೆಟ್‌ಗೆ ಹೋಗಿ "ನಾನು ಇಲ್ಲಿದ್ದೇನೆ" ಎಂದು ಹೇಳುವ ದಾರಿ ಇಲ್ಲ. ಗೊತ್ತಿರುವ ವೈಫೈ ಸಿಕ್ಕಿದರೆ ಮಾತ್ರ ಹೇಳಬಲ್ಲದು. ಉಳಿದ ಹೊತ್ತು ಅದರ ಪರವಾಗಿ ಮಾತಾಡುವುದು ನಿಮ್ಮ ಫೋನು. ಫೋನು ಮತ್ತು ವಾಚ್ ಬ್ಲೂಟೂತ್‌ನಲ್ಲಿ ಜೋಡಿಯಾಗಿರುವವರೆಗೆ ಜಾಗ ಗೊತ್ತಾಗುತ್ತಾ ಇರುತ್ತದೆ. ಎರಡೂ ದೂರವಾಗಿ ಜೋಡಿ ಕಡಿದಾಗ, ಕಡಿಯುವ ಹೊತ್ತಿನ ಜಾಗವೇ ಕೊನೆಯ ಚುಕ್ಕೆಯಾಗಿ ಉಳಿಯುತ್ತದೆ. ಅಂದರೆ ಈ ಚುಕ್ಕೆ ಹೇಳುವುದು ಇಷ್ಟೇ: "ಫೋನು ಮತ್ತು ವಾಚ್ ಬೇರೆಯಾದದ್ದು ಇಲ್ಲಿ." ಈಗ ವಾಚ್ ಎಲ್ಲಿದೆ ಎಂದು ಅದು ಹೇಳುತ್ತಿಲ್ಲ.

ಬೇರೆಯಾಗುವುದು ಎರಡು ರೀತಿಯಲ್ಲಿ ಆಗಬಹುದು. ವಾಚ್ ಬಿದ್ದಲ್ಲೇ ಉಳಿದು ನೀವು ಮುಂದೆ ಹೋಗಿರಬಹುದು. ಅಥವಾ ನೀವು ನಿಂತು, ವಾಚ್ ಮುಂದೆ ಹೋಗಿರಬಹುದು. ಇದನ್ನು ಬೇರ್ಪಡಿಸಿ ನೋಡದೆ ಹುಡುಕಲು ಹೊರಟರೆ ಅರ್ಧ ದಿನ ಹಾಳು.

ಮೊದಲನೆಯದು ನಡೆದುಹೋಗುವಾಗಲೋ ಸ್ಕೂಟರಿನಲ್ಲೋ ಆಗುವಂಥದ್ದು. ಸ್ಕೂಟರ್ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ ಒಂದು ನಿಮಿಷಕ್ಕೆ 500 ಮೀಟರ್ ಆಯಿತು. ವಾಚ್ ಬಿದ್ದ ಕೂಡಲೇ ಜೋಡಿ ಕಡಿಯುವುದಿಲ್ಲ, ಫೋನು ಅದನ್ನು ಗಮನಿಸಿ ಜಾಗ ಬರೆದುಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಚುಕ್ಕೆ ಇಂದ್ರಾಳಿಯಲ್ಲಿದ್ದರೆ, ನೀವು ಕುಂಜಿಬೆಟ್ಟು ಕಡೆಯಿಂದ ಇಂದ್ರಾಳಿಗೆ ಹೋಗುತ್ತಿದ್ದಿರಾದರೆ, ವಾಚ್ ಇರುವುದು ಚುಕ್ಕೆಯ ಹಿಂದೆ, ಬಂದ ದಾರಿಯಲ್ಲಿ. ಚುಕ್ಕೆಯಿಂದ ಹಿಂದಕ್ಕೆ ನಡೆದು ಹುಡುಕಬೇಕು, ಮುಂದಕ್ಕಲ್ಲ.

ಎರಡನೆಯದು ಬಸ್ಸು, ರಿಕ್ಷಾ, ಇನ್ನೊಬ್ಬರ ಕಾರಿನಲ್ಲಿ ಆಗುವಂಥದ್ದು. ಅಲ್ಲಿ ಕೊನೆಯ ಚುಕ್ಕೆ ಬೀಳುವುದು ನೀವು ಇಳಿದ ಜಾಗದಲ್ಲಿ. ಆದ್ದರಿಂದ ಚುಕ್ಕೆ ನಿಖರವಾಗಿ ನೀವು ಇಳಿದ ಸ್ಟಾಪಿನಲ್ಲೇ ಇದ್ದು, ಸಮಯವೂ ನೀವು ಇಳಿದ ಹೊತ್ತಿಗೆ ಸರಿಯಾಗಿ ಕೂತರೆ, ಮೊದಲು ಸಂಶಯ ಪಡಬೇಕಾದದ್ದು ವಾಹನವನ್ನು. ಸ್ಟಾಪಿನ ಅಂಗಡಿಯನ್ನಲ್ಲ.

ಚುಕ್ಕೆಯ ಜೊತೆ ಇನ್ನೂ ಎರಡು ವಿಷಯ ನೋಡಬೇಕು. ಒಂದು, ಹೆಸರಿನ ಕೆಳಗೆ ಬರುವ ಸಮಯ. "ಈಗ" ಎಂದಿದೆಯೋ, "20 ನಿಮಿಷದ ಹಿಂದೆ" ಎಂದಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇನ್ನೊಂದು, ಚುಕ್ಕೆಯ ಸುತ್ತ ಇರುವ ತಿಳಿ ಬಣ್ಣದ ವೃತ್ತ. ವಾಚ್ ಆ ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಅದರ ಅರ್ಥ. ಕಟ್ಟಡದ ಒಳಗೆ, ಕೆಳಮಹಡಿಯಲ್ಲಿ ವೃತ್ತ ದೊಡ್ಡದಾಗುತ್ತದೆ. ರಸ್ತೆಬದಿಯ ಕಾಂಪ್ಲೆಕ್ಸ್‌ನಲ್ಲಿ ಒಂದೇ ವೃತ್ತದೊಳಗೆ ನಾಲ್ಕು ಅಂಗಡಿ, ಮೇಲಿನ ಮಹಡಿಯ ಕ್ಲಿನಿಕ್, ಹಿಂದಿನ ಪಾರ್ಕಿಂಗ್ ಎಲ್ಲ ಬಂದುಬಿಡುತ್ತದೆ. ಯಾವ ಮಹಡಿ ಎಂದು ಮ್ಯಾಪ್ ಹೇಳುವುದಿಲ್ಲ. ಇಂಥ ಚುಕ್ಕೆಯನ್ನು ತೋರಿಸಿ ಒಬ್ಬ ಅಂಗಡಿಯವರ ಮೇಲೆ ಆರೋಪ ಮಾಡುವುದು ನ್ಯಾಯವಲ್ಲ.

ಚುಕ್ಕೆ ಅಲುಗಾಡಿದಾಗ

ಉದಾಹರಣೆಯ ಮಹಿಳೆ ಸ್ಟಾಪಿಗೆ ಹೋಗಿ ನೋಡಿದರು, ಸಿಗಲಿಲ್ಲ. Play Sound ಒತ್ತಿದರು, ಏನೂ ಕೇಳಲಿಲ್ಲ. 6:35ಕ್ಕೆ ಇನ್ನೊಮ್ಮೆ ಫೋನ್ ನೋಡಿದಾಗ ಚುಕ್ಕೆ ಸಿಟಿ ಬಸ್ ನಿಲ್ದಾಣದ ಹತ್ತಿರ ಇತ್ತು. 7:05ಕ್ಕೆ ಇಂದ್ರಾಳಿ. 7:20ಕ್ಕೆ ಮಣಿಪಾಲ.

ಸಿಮ್ ಇಲ್ಲದ ವಾಚ್ ಬಸ್ಸಿನಿಂದ ಈ ಸುದ್ದಿ ಕಳಿಸಿದ್ದು ಹೇಗೆ? ಆ್ಯಪಲ್ ಸಾಧನಗಳು ಸಣ್ಣ ಬ್ಲೂಟೂತ್ ಸಂಕೇತ ಬಿಡುತ್ತಾ ಇರುತ್ತವೆ. ಹತ್ತಿರ ಬಂದ ಬೇರೆ ಯಾರದ್ದೋ ಐಫೋನ್ ಆ ಸಂಕೇತ ಕೇಳಿಸಿಕೊಂಡು, ತಾನಿರುವ ಜಾಗವನ್ನು ಗುಪ್ತಲಿಪಿಯಲ್ಲಿ ಕಳಿಸುತ್ತದೆ. ಆ ಫೋನಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಅದನ್ನು ಬಿಚ್ಚಿ ಓದುವುದು ವಾಚ್‌ನ ಮಾಲೀಕರ ಫೋನಿನಲ್ಲಿ ಮಾತ್ರ ಸಾಧ್ಯ. ವಿದ್ಯಾರ್ಥಿಗಳು ತುಂಬಿದ ಮಣಿಪಾಲ ಬಸ್ಸಿನಲ್ಲಿ ಐಫೋನ್ ಸಿಗುವುದು ಕಷ್ಟವಲ್ಲ. ಆದರೆ ಖಾಲಿ ಬಸ್ಸಿನಲ್ಲಿ, ಹೊಲದ ಬದಿಯಲ್ಲಿ, ಒಳ ರಸ್ತೆಯಲ್ಲಿ ಬಿದ್ದರೆ ಗಂಟೆಗಟ್ಟಲೆ ಹೊಸ ಚುಕ್ಕೆ ಬರದಿರಬಹುದು. ಬರಲಿಲ್ಲ ಎಂದ ಮಾತ್ರಕ್ಕೆ ವಾಚ್ ಆಫ್ ಆಗಿದೆ ಎಂದಲ್ಲ. Notify When Found ಆಯ್ಕೆ ಆನ್ ಮಾಡಿಟ್ಟರೆ ಹೊಸ ಚುಕ್ಕೆ ಬಂದಾಗ ಫೋನೇ ತಿಳಿಸುತ್ತದೆ.

ಈಗ ಚುಕ್ಕೆಗಳ ಸಾಲನ್ನು ನೋಡಿ. ಬಸ್ ನಿಲ್ದಾಣ, ಇಂದ್ರಾಳಿ, ಮಣಿಪಾಲ, ಪುನಃ ಅದೇ ರಸ್ತೆಯಲ್ಲಿ ವಾಪಸ್. ಕದ್ದವನು ಹೀಗೆ ಒಂದೇ ರಸ್ತೆಯಲ್ಲಿ ಹೋಗಿ ಬಂದು ಮಾಡುವುದಿಲ್ಲ, ಟ್ರಿಪ್ ಹೊಡೆಯುವ ಬಸ್ ಮಾಡುತ್ತದೆ. ಒಂದೇ ಚುಕ್ಕೆ ಗೊಂದಲ ಹುಟ್ಟಿಸಿತ್ತು, ಸಮಯದೊಂದಿಗೆ ಬರೆದಿಟ್ಟ ನಾಲ್ಕು ಚುಕ್ಕೆ ಉತ್ತರ ಕೊಟ್ಟಿತು. ಹಾಗಾಗಿ ಪ್ರತಿ ಹೊಸ ಚುಕ್ಕೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಹೊಸದು ಬಂದಾಗ ಹಳೆಯದು ಅಳಿಸಿಹೋಗುತ್ತದೆ.

ಲಾಸ್ಟ್ ಮೋಡ್: ಬೀಗ ಮೊದಲು, ಸಂದೇಶ ಆಮೇಲೆ

ಬಸ್ಸಿನಲ್ಲಿದೆ ಎಂದು ಗೊತ್ತಾದ ಮೇಲೆ ತಡ ಮಾಡದೆ ಮಾಡಬೇಕಾದದ್ದು ಲಾಸ್ಟ್ ಮೋಡ್. Find My ಒಳಗೆ ವಾಚ್‌ನ ಹೆಸರು ಒತ್ತಿದರೆ Mark As Lost ಎಂದು ಇರುತ್ತದೆ, ಹೊಸ ಆವೃತ್ತಿಯಲ್ಲಿ Lost Apple Watch ಎಂದು ಇರಬಹುದು. ಅದನ್ನು ಒತ್ತಿ, ನಿಮ್ಮನ್ನು ಸಂಪರ್ಕಿಸಬಹುದಾದ ಫೋನ್ ನಂಬರ್ ಮತ್ತು ಚಿಕ್ಕ ಸಂದೇಶ ಬರೆದು Activate ಮಾಡಬೇಕು. ಸಂದೇಶ ಎರಡು ಸಾಲು ಸಾಕು: "ಈ ವಾಚ್ ಕಳೆದುಹೋಗಿದೆ. ದಯವಿಟ್ಟು ಈ ನಂಬರಿಗೆ ಕರೆ ಮಾಡಿ." ಮನೆ ವಿಳಾಸ, ಬಹುಮಾನದ ಮೊತ್ತ ಬರೆಯುವ ಅಗತ್ಯವಿಲ್ಲ.

ಇದರಿಂದ ಏನಾಗುತ್ತದೆ? ವಾಚ್ ಪಾಸ್‌ಕೋಡ್ ಇಲ್ಲದೆ ತೆರೆಯುವುದಿಲ್ಲ. ಸಿಕ್ಕಿದವರಿಗೆ ನಿಮ್ಮ ನಂಬರ್ ಕಾಣುತ್ತದೆ. ಆದರೆ ಒಂದು ಮಿತಿ ನೆನಪಿರಲಿ. ಆದೇಶ ವಾಚ್‌ಗೆ ತಲುಪಬೇಕಾದರೆ ವಾಚ್‌ಗೆ ಸಂಪರ್ಕ ಬೇಕು. ಬೇರೆಯವರ ಐಫೋನ್ ವಾಚ್ ಇರುವ ಜಾಗವನ್ನು ನಿಮಗೆ ತಿಳಿಸುತ್ತದೆ ಹೊರತು, ಅದರಿಂದ ವಾಚ್‌ಗೆ ಇಂಟರ್ನೆಟ್ ಸಿಗುವುದಿಲ್ಲ. ಬಸ್ಸಿನಲ್ಲಿರುವ ಸಿಮ್ ಇಲ್ಲದ ವಾಚ್‌ನ ಮೇಲೆ ನಿಮ್ಮ ಸಂದೇಶ ಕಾಣದೆ ಇರಬಹುದು. ಅದೇ ಕಾರಣಕ್ಕೆ Play Sound ಕೂಡ ಕಾಯುತ್ತಾ ಕೂರುತ್ತದೆ. ವಾಚ್ ಪುನಃ ನಿಮ್ಮ ಫೋನಿಗೋ ಗೊತ್ತಿರುವ ವೈಫೈಗೋ ಸೇರಿದಾಗ ಎರಡೂ ತಲುಪುತ್ತವೆ. ಆದ್ದರಿಂದ "ಸಂದೇಶ ಹಾಕಿದ್ದೇನೆ, ಯಾರಾದರೂ ಫೋನ್ ಮಾಡುತ್ತಾರೆ" ಎಂದು ಮನೆಯಲ್ಲಿ ಕೂತರೆ ಆಗದು.

ಹಾಗಾದರೆ ಅದರ ಪ್ರಯೋಜನ ಏನು? ಪಾಸ್‌ಕೋಡ್ ಇದ್ದು, ಕೈಯಿಂದ ತೆಗೆದಾಗ ಲಾಕ್ ಆಗುವ ಸೆಟ್ಟಿಂಗ್ ಆನ್ ಇದ್ದರೆ ವಾಚ್ ಬಿದ್ದಾಗಲೇ ಲಾಕ್ ಆಗಿರುತ್ತದೆ. ಅದರ ಮೇಲೆ ಆಕ್ಟಿವೇಶನ್ ಲಾಕ್ ಎಂಬ ಇನ್ನೊಂದು ಬೀಗ ಆ್ಯಪಲ್‌ನ ಸರ್ವರ್‌ನಲ್ಲೇ ಇರುತ್ತದೆ. ಯಾರಾದರೂ ವಾಚನ್ನು ಪೂರ್ತಿ ಅಳಿಸಿ ತಮ್ಮ ಫೋನಿಗೆ ಜೋಡಿಸಲು ಹೊರಟರೆ ಮೂಲ ಮಾಲೀಕರ ಖಾತೆ ಮತ್ತು ಪಾಸ್‌ವರ್ಡ್ ಕೇಳುತ್ತದೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದುಂಟು. ಗಾಬರಿಯಲ್ಲಿ "ನನ್ನ ಫೋನಿನಿಂದ ತೆಗೆದುಬಿಡುತ್ತೇನೆ" ಎಂದು Remove This Device ಅಥವಾ Unpair ಒತ್ತಿಬಿಡುತ್ತಾರೆ. ಖಾತೆಯಿಂದ ತೆಗೆದರೆ ಆಕ್ಟಿವೇಶನ್ ಲಾಕ್ ಹೋಗುತ್ತದೆ, ಮ್ಯಾಪ್‌ನಿಂದಲೂ ವಾಚ್ ಮಾಯವಾಗುತ್ತದೆ. ಸಿಕ್ಕಿದವರಿಗೆ ಹೊಸ ವಾಚ್ ಕೊಟ್ಟಂತೆ. ವಾಚ್ ಸಿಗುವವರೆಗೆ ಈ ಎರಡು ಬಟನ್ ಮುಟ್ಟಲೇಬೇಡಿ.

ರಿಂಗ್: ಕೊನೆಯ ಹತ್ತು ಮೀಟರಿಗೆ

ಮಹಿಳೆ ಬಸ್ಸಿನ ಹೆಸರು ನೆನಪು ಮಾಡಿಕೊಂಡರು. ನಮ್ಮ ಕಡೆ ಖಾಸಗಿ ಬಸ್‌ಗಳಿಗೆ ಹೆಸರು ಇರುವುದು ಇಂಥ ಹೊತ್ತಿಗೆ ಉಪಕಾರ. ಹೆಸರು ನೆನಪಿಲ್ಲದಿದ್ದರೆ ಟಿಕೆಟ್ ಚೀಟಿ ಬ್ಯಾಗಿನಲ್ಲಿ ಉಂಟಾ ನೋಡಬೇಕು. ಬಸ್ ನಿಲ್ದಾಣಕ್ಕೆ ಹೋಗಿ ಟೈಮ್ ಕೀಪರ್ ಹತ್ತಿರ ಬಸ್ಸಿನ ಹೆಸರು, ಹೊರಟ ಹೊತ್ತು ಹೇಳಿದರು. "ಅದು ಎಂಟು ಗಂಟೆ ಮೇಲೆ ಬರ್ತದೆ, ಇಲ್ಲೇ ನಿಲ್ಲಿ" ಎಂಬ ಉತ್ತರ ಸಿಕ್ಕಿತು.

ಬಸ್ ಬಂತು. ಜನ ಇಳಿದ ಮೇಲೆ ಕಂಡಕ್ಟರ್‌ಗೆ ವಿಷಯ ಹೇಳಿ ಒಳಗೆ ಹತ್ತಿದರು. ಕೈಯಲ್ಲಿದ್ದದ್ದು ವಾಚ್‌ಗೆ ಜೋಡಿಯಾದ ಅದೇ ಐಫೋನ್. ಇದು ಮುಖ್ಯ. ಗಂಡನ ಫೋನೋ ತಮ್ಮನ ಫೋನೋ ಹಿಡಿದು ಹೋಗಿದ್ದರೆ ವಾಚ್ ಜೋಡಿಯಾಗುತ್ತಿರಲಿಲ್ಲ. ಬ್ಲೂಟೂತ್‌ನ ಅಂದಾಜು ವ್ಯಾಪ್ತಿ ಹತ್ತು ಮೀಟರ್, ಬಸ್ಸಿನ ಉದ್ದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅರ್ಧ ನಿಮಿಷದಲ್ಲಿ ಫೋನು ವಾಚನ್ನು ಹಿಡಿಯಿತು, Play Sound ಒತ್ತಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಸಣ್ಣ ಶಬ್ದ ಕೇಳಿತು. ಸೀಟಿಗೂ ಬಸ್ಸಿನ ತಗಡಿಗೂ ನಡುವೆ ವಾಚ್ ಸಿಕ್ಕಿಕೊಂಡಿತ್ತು. ಪಾಸ್‌ಕೋಡ್ ಹಾಕಿದಾಗ ಲಾಸ್ಟ್ ಮೋಡ್ ತೆರವಾಯಿತು.

ವಾಚ್‌ನ ಸ್ಪೀಕರ್ ಚಿಕ್ಕದು. ಇಂಜಿನ್ ಆನ್ ಇದ್ದರೆ, ಫ್ಯಾನ್ ತಿರುಗುತ್ತಿದ್ದರೆ, ಬಟ್ಟೆಯ ರಾಶಿಯೊಳಗೆ ಇದ್ದರೆ ಎರಡು ಹೆಜ್ಜೆ ದೂರದಿಂದಲೂ ಕೇಳಿಸದೆ ಹೋಗಬಹುದು. ಆದ್ದರಿಂದ ಸದ್ದು ಅಡಗಿದ ಹೊತ್ತಿನಲ್ಲಿ ರಿಂಗ್ ಮಾಡಿ. ಆ್ಯಪಲ್ ವಾಚ್‌ನ ಶಬ್ದ ವಾಚ್ ಮೇಲೆ Dismiss ಒತ್ತುವವರೆಗೆ ಬರುತ್ತಲೇ ಇರುತ್ತದೆ, ಹಾಗಾಗಿ ಒಮ್ಮೆ ಒತ್ತಿ ಕಿವಿಗೊಡಿ. ಬ್ಯಾಟರಿಯ ಲೆಕ್ಕವೂ ಇರಲಿ. ಹೆಚ್ಚಿನ ಆ್ಯಪಲ್ ವಾಚ್‌ಗಳು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 18 ಗಂಟೆ ಬರುತ್ತವೆ. ಬೆಳಿಗ್ಗೆ ಕಟ್ಟಿಕೊಂಡದ್ದು ಸಂಜೆ ಕಳೆದರೆ ಕೈಯಲ್ಲಿರುವ ಸಮಯ ಒಂದು ರಾತ್ರಿ ಮಾತ್ರ. "ನಾಳೆ ನೋಡೋಣ" ಎಂದರೆ ರಿಂಗ್ ಆಗಲು ವಾಚ್‌ನಲ್ಲಿ ಚಾರ್ಜೇ ಇರುವುದಿಲ್ಲ.

ಸ್ಯಾಮ್‌ಸಂಗ್, ಗೂಗಲ್ ವಾಚ್ ಇರುವವರಿಗೆ

ದಾರಿ ಇದೇ, ಬಟನ್‌ಗಳ ಹೆಸರು ಬೇರೆ. ಗ್ಯಾಲಕ್ಸಿ ವಾಚ್ ಆದರೆ ಫೋನಿನ Galaxy Wearable ಆ್ಯಪ್‌ನಲ್ಲಿ Find My Watch ಒತ್ತಬೇಕು. ಫೋನೂ ಹತ್ತಿರ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ smartthingsfind.samsung.com ತೆರೆದು ಸ್ಯಾಮ್‌ಸಂಗ್ ಖಾತೆಗೆ ಲಾಗಿನ್ ಆಗಬಹುದು. ಅಲ್ಲಿ ರಿಂಗ್, ಜಾಗ, ಲಾಸ್ಟ್ ಮೋಡ್ ಮೂರೂ ಸಿಗುತ್ತವೆ. ಬೇರೆ ಸ್ಯಾಮ್‌ಸಂಗ್ ಫೋನುಗಳ ಮೂಲಕ ಜಾಗ ತಿಳಿಯಬೇಕಾದರೆ Offline finding ಮೊದಲೇ ಆನ್ ಮಾಡಿರಬೇಕು, ಕಳೆದ ಮೇಲೆ ಆನ್ ಮಾಡಲು ಬರುವುದಿಲ್ಲ.

ವೇರ್ ಓಎಸ್ ಇರುವ ಬೇರೆ ವಾಚ್‌ಗಳು ಗೂಗಲ್‌ನ Find Hub ಆ್ಯಪ್‌ನಲ್ಲಿ ಕಾಣುತ್ತವೆ. ಮೊದಲು ಇದರ ಹೆಸರು Find My Device ಇತ್ತು, 2025ರಲ್ಲಿ ಬದಲಾಯಿತು. ಅಲ್ಲಿ Play sound ಇರುತ್ತದೆ, ಬೀಗದ ಆಯ್ಕೆ ವಾಚ್‌ನ ಮಾದರಿಯ ಮೇಲೆ ಹೋಗುತ್ತದೆ.

ಯಾವುದೇ ಕಂಪೆನಿಯ ವಾಚ್ ಇರಲಿ, ಅದರಲ್ಲಿ ಇಸಿಮ್ ಇದ್ದರೆ ಅದು ಸ್ವತಃ ಇಂಟರ್ನೆಟ್‌ಗೆ ಹೋಗಬಲ್ಲದು. ರಿಂಗ್, ಲಾಸ್ಟ್ ಮೋಡ್ ದೂರದಿಂದಲೇ ತಲುಪುತ್ತವೆ. ಹಾಗಾಗಿ ಹುಡುಕಾಟ ಮುಗಿಯುವ ಮೊದಲು ಇಸಿಮ್ ಬಂದ್ ಮಾಡಿಸಬೇಡಿ. ಸಿಗುವ ಆಸೆ ಬಿಟ್ಟ ಮೇಲೆ ಮಾಡಿಸಿ.

ಎರಡು ಮೂರು ಸಾವಿರದ ಬ್ಲೂಟೂತ್ ವಾಚ್ ಆದರೆ?

ನಮ್ಮ ಪೇಟೆಯಲ್ಲಿ ಹೆಚ್ಚು ಕೈಗಳಲ್ಲಿರುವುದು ಇವೇ. ಇವುಗಳಲ್ಲಿ ಸಾಮಾನ್ಯವಾಗಿ ಲಾಸ್ಟ್ ಮೋಡ್ ಇಲ್ಲ, ಬೇರೆಯವರ ಫೋನಿನ ಸಹಾಯವೂ ಇಲ್ಲ. ಆ್ಯಪ್‌ನಲ್ಲಿರುವ Find Watch ಕೆಲಸ ಮಾಡುವುದು ವಾಚ್ ಫೋನಿಗೆ ಜೋಡಿಯಾಗಿದ್ದಾಗ ಮಾತ್ರ. ಆದರೂ ದಾರಿ ಇಲ್ಲದಿಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ Timeline ಆನ್ ಇದ್ದರೆ ಆ ದಿನ ನೀವು ಎಷ್ಟು ಹೊತ್ತಿಗೆ ಎಲ್ಲಿದ್ದಿರಿ ಎಂದು ತಿಳಿಯುತ್ತದೆ. ವಾಚ್‌ನ ಆ್ಯಪ್‌ನಲ್ಲಿ ಕೊನೆಯ ಹೆಜ್ಜೆ ಲೆಕ್ಕ ಅಥವಾ ಹೃದಯ ಬಡಿತ ಬಂದ ಗಂಟೆ ಇರುತ್ತದೆ. ಮಧ್ಯಾಹ್ನ 1:30ರ ನಂತರ ಲೆಕ್ಕ ನಿಂತಿದ್ದರೆ, 1:30ಕ್ಕೆ ನೀವು ಎಲ್ಲಿದ್ದಿರಿ ಎಂದು Timelineನಲ್ಲಿ ನೋಡಿ. ಊಟಕ್ಕೆ ಹೋದ ಹೋಟೆಲಿನಲ್ಲಿ ಕೈ ತೊಳೆಯುವಾಗ ಬಿಚ್ಚಿಟ್ಟದ್ದು ಆಗ ನೆನಪಾದೀತು. ಎರಡು ಲೆಕ್ಕ ಸೇರಿಸಿದರೆ ಅದೇ ನಿಮ್ಮ ಕೊನೆಯ ಚುಕ್ಕೆ.

ಆಮೇಲೆ ಫೋನಿನಲ್ಲಿ ವಾಚ್‌ನ ಆ್ಯಪ್ ತೆರೆದಿಟ್ಟು ಆ ದಾರಿಯಲ್ಲಿ ನಿಧಾನ ನಡೆಯಿರಿ. Connected ಎಂದು ಬಂದ ಜಾಗದಲ್ಲಿ ನಿಲ್ಲಿ. ವಾಚ್ ಸುಮಾರು ಹತ್ತು ಮೀಟರಿನೊಳಗೆ ಉಂಟು ಎಂದು ಅರ್ಥ. ಆಗ Find Watch ಒತ್ತಿ. ಕೆಲವು ವಾಚ್ ಶಬ್ದ ಮಾಡುವುದಿಲ್ಲ, ನಡುಗುತ್ತದೆ ಮಾತ್ರ. ಮರದ ಮೇಜಿನ ಮೇಲೆ ಅದು ಕೇಳುತ್ತದೆ, ಹುಲ್ಲಿನ ಮೇಲೆ ಕೇಳುವುದಿಲ್ಲ. ಇಂಥ ವಾಚ್‌ಗಳ ಬ್ಯಾಟರಿ ಹಲವು ದಿನ ಬರುವುದರಿಂದ ಮರುದಿನವೂ ಪ್ರಯತ್ನಿಸಬಹುದು.

ಅಂಗಡಿಯಲ್ಲಿ ವಾಚ್ ಸಿಕ್ಕಿದರೆ

ಗಿರಾಕಿ ಬಿಟ್ಟುಹೋದ ವಾಚ್ ಸಿಕ್ಕಿದರೆ ಆಫ್ ಮಾಡಬೇಡಿ. ಸ್ಟೀಲ್ ಕಪಾಟು ಅಥವಾ ಕ್ಯಾಶ್ ಪೆಟ್ಟಿಗೆಯೊಳಗೆ ಇಡಬೇಡಿ, ಲೋಹದ ಪೆಟ್ಟಿಗೆ ಬ್ಲೂಟೂತ್ ಸಂಕೇತವನ್ನು ತಡೆಯುತ್ತದೆ. ಮರದ ಡ್ರಾಯರ್ ಅಥವಾ ಕೌಂಟರಿನ ಒಳಬದಿ ಒಳ್ಳೆಯದು. ಸ್ಕ್ರೀನ್ ಮೇಲೆ ನಂಬರ್ ಬಂದರೆ ಕರೆ ಮಾಡಿ. ಯಾರಾದರೂ ತಮ್ಮದು ಎಂದು ಬಂದರೆ ಪಾಸ್‌ಕೋಡ್ ಹಾಕಿ ತೆರೆಯಲು ಹೇಳಿ, ಅಥವಾ ಅವರ ಫೋನಿನಿಂದ ರಿಂಗ್ ಮಾಡಲು ಹೇಳಿ. ನಿಜವಾದ ಮಾಲೀಕರಿಗೆ ಎರಡೂ ಸುಲಭ. ಯಾರೂ ಬಾರದಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸುವುದೇ ಸರಿ. ಸಿಕ್ಕಿದ ವಸ್ತು ಯಾರದ್ದೆಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧ.

ಹಳೆ ವಾಚ್ ಕೊಳ್ಳುವವರೂ ಒಂದು ನೋಡಿಕೊಳ್ಳಿ. ಹೊಸದಾಗಿ ಜೋಡಿಸುವಾಗ ಬೇರೆಯವರ ಖಾತೆ ಕೇಳಿದರೆ ಹಣ ಕೊಡಬೇಡಿ. ಮಾರುವವನು ನಿಜ ಮಾಲೀಕನಾದರೆ ತನ್ನ ಫೋನಿನಿಂದ ಅಲ್ಲೇ ತೆಗೆದುಕೊಡುತ್ತಾನೆ.

ಠಾಣೆಗೆ ಹೋಗುವುದು ಯಾವಾಗ?

ಕಳೆದುಹೋದದ್ದಕ್ಕೆ ಕರ್ನಾಟಕ ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೌಲಭ್ಯದಲ್ಲಿ ಆನ್‌ಲೈನ್ ದೂರು ದಾಖಲಿಸಿ ಸ್ವೀಕೃತಿ ಪಡೆಯಬಹುದು. ಕಳವು ಎಂದು ಖಚಿತವಿದ್ದರೆ ಅದು ಸಾಲದು, ಠಾಣೆಗೇ ಹೋಗಬೇಕು. ಬಿಲ್, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್, ಚುಕ್ಕೆಗಳ ಸ್ಕ್ರೀನ್‌ಶಾಟ್ ಜೊತೆಗಿರಲಿ. ಮೊಬೈಲ್ ಬ್ಲಾಕ್ ಮಾಡುವ ಸಿಇಐಆರ್ ಪೋರ್ಟಲ್ ಐಎಂಇಐ ನಂಬರ್ ಮೇಲೆ ನಡೆಯುವುದರಿಂದ, ಬ್ಲೂಟೂತ್ ವಾಚ್‌ಗೆ ಅದು ಪ್ರಯೋಜನಕ್ಕೆ ಬಾರದು. ಚುಕ್ಕೆ ಯಾರದ್ದೋ ಮನೆಯ ಮೇಲೆ ಕೂತಿದ್ದರೆ ಒಬ್ಬರೇ ಹೋಗಿ ಬಾಗಿಲು ಬಡಿಯಬೇಡಿ, ಸ್ಕ್ರೀನ್‌ಶಾಟ್ ಪೊಲೀಸರಿಗೆ ಕೊಡಿ.

ಇವತ್ತೇ ಮಾಡಬಹುದಾದ ಕೆಲಸ ಎರಡು. ವಾಚ್‌ಗೆ ಪಾಸ್‌ಕೋಡ್ ಹಾಕಿ, Find My ಅಥವಾ Find Hub ಒಳಗೆ ನಿಮ್ಮ ವಾಚ್‌ನ ಹೆಸರು ಕಾಣುತ್ತದಾ ನೋಡಿ. ಮತ್ತೆ ಬೆಲ್ಟ್ ಹಿಡಿದು ಒಮ್ಮೆ ಮೆಲ್ಲಗೆ ಎಳೆದು ನೋಡಿ. ಅಲುಗಾಡಿದರೆ ಹತ್ತಿರದ ವಾಚ್ ಅಂಗಡಿಯಲ್ಲಿ ಬೆಲ್ಟಿನ ಪಿನ್ ಬದಲಿಸಿಕೊಳ್ಳಿ.